ಕನ್ನಡದಲ್ಲಿರುವ ಅಪ್ಪ-ಅಮ್ಮನ ಫೋನಿಗೆ ವೈಫೈ ಕೈಪಿಡಿ: ಪಾಸ್‌ವರ್ಡ್ ಪುಟಕ್ಕೆ ಬಂದು ನಿಂತುಹೋಗುತ್ತಿದೆ

ಪುಟಸಂಖ್ಯೆ

ಅಪ್ಪ-ಅಮ್ಮನ ಫೋನು ಪೂರ್ತಿ ಕನ್ನಡದಲ್ಲಿದೆ, ನನ್ನದು ಇಂಗ್ಲಿಷಿನಲ್ಲಿ. ವೈಫೈಗೆ ಸೇರುವ ಕ್ರಮವನ್ನು ಸ್ಕ್ರೀನ್‌ಶಾಟ್, ಬಾಣ, ನಂಬರು ಎಲ್ಲ ಹಾಕಿ ಪ್ರಿಂಟ್ ತೆಗೆದು ಕೊಡೋಣವೆಂದು ಹೊರಟಿದ್ದೇನೆ. ಈಗಿನ ಕರಡು: ನಾಲ್ಕು ಎ4 ಹಾಳೆ, ಒಂದೊಂದರಲ್ಲಿ ಆರು ಸ್ಕ್ರೀನ್‌ಶಾಟ್, ಮುಟ್ಟಬೇಕಾದ ಕಡೆಯೆಲ್ಲ ಕೆಂಪು ವೃತ್ತ. ಸ್ಕ್ರೀನ್‌ಶಾಟ್‌ಗಳನ್ನು ನನ್ನ ಫೋನಿನ ಭಾಷೆ ಕನ್ನಡಕ್ಕೆ ಬದಲಿಸಿ ತೆಗೆದಿದ್ದೇನೆ.

ಎರಡು ಕಡೆ ಸಿಕ್ಕಿಕೊಳ್ಳುತ್ತಿದ್ದಾರೆ. ಕಾಗದದಲ್ಲಿರುವ ಹೆಸರು ಫೋನಿನಲ್ಲಿ ಕಾಣುತ್ತಿಲ್ಲ ಎನ್ನುತ್ತಾರೆ. ಅದು ದಾಟಿದರೂ ಪಾಸ್‌ವರ್ಡ್ ಪುಟದಲ್ಲಿ ನಿಲ್ಲುತ್ತಾರೆ. ಅಲ್ಲಿ ಏನು ಕಾಣಿಸುತ್ತಿದೆ ಎಂದು ಕರೆ ಮಾಡಿ ಕೇಳಿದರೆ "ಗುಂಡಿ ಒತ್ತಿದರೂ ಒತ್ತೋದಿಲ್ಲ" ಅನ್ನುವುದರಾಚೆ ಏನೂ ತಿಳಿಯುತ್ತಿಲ್ಲ. ಇಂಥದ್ದನ್ನು ಮಾಡಿದವರು ಇದ್ದರೆ ಹೇಳಿ.

ಹಳೇ ರೂಟರ್

ಇದಕ್ಕೆ ಇಷ್ಟೆಲ್ಲ ಯಾಕೆ? ರೂಟರಿನ ಸೆಟ್ಟಿಂಗ್ ಪುಟಕ್ಕೆ ಹೋಗಿ ಅದರ ಭಾಷೆ ಬದಲಿಸಿಬಿಡಿ. ಕೆಲವು ರೂಟರುಗಳಲ್ಲಿ ಭಾಷೆಯ ಆಯ್ಕೆ ಇರುತ್ತದೆ.

ಪುಟಸಂಖ್ಯೆ

ರೂಟರ್ ಪುಟಕ್ಕೆ ಅವರು ಹೋಗುವುದೇ ಇಲ್ಲ ಸರ್. ನಾನು ಕೇಳಿದ್ದು ಫೋನಿನ ಪರದೆಯ ಬಗ್ಗೆ.

ಹಳೇ ರೂಟರ್

ಓ, ತಪ್ಪಾಗಿ ಓದಿಕೊಂಡೆ. ಮುಂದುವರಿಸಿ.

ಕಾಗುಣಿತ

ನಿಮ್ಮ ಮೊದಲ ತೊಂದರೆಯ ಕಾರಣ ನೀವೇ ಬರೆದಿದ್ದೀರಿ: ಸ್ಕ್ರೀನ್‌ಶಾಟ್ ನಿಮ್ಮ ಫೋನಿನದು. ಭಾಷೆ ಒಂದೇ ಆದ ಮಾತ್ರಕ್ಕೆ ಪರದೆ ಒಂದೇ ಆಗುವುದಿಲ್ಲ. ಒಂದು ಕಂಪನಿಯ ಫೋನಿನಲ್ಲಿ ಸೆಟ್ಟಿಂಗ್ಸ್‌ನ ಮೊದಲ ಸಾಲು "ನೆಟ್‌ವರ್ಕ್ ಮತ್ತು ಇಂಟರ್ನೆಟ್" ಎಂದಿದ್ದರೆ, ಇನ್ನೊಂದರಲ್ಲಿ ಅದೇ ಜಾಗದಲ್ಲಿ "ಸಂಪರ್ಕಗಳು" ಎಂದಿರುತ್ತದೆ, ಮತ್ತೊಂದರಲ್ಲಿ ವೈ-ಫೈ ನೇರವಾಗಿ ಮೊದಲ ಪುಟದಲ್ಲೇ ಇರುತ್ತದೆ. ಅನುವಾದವೂ ಕಂಪನಿಗೊಂದು, ಆವೃತ್ತಿಗೊಂದು. ಒಂದೇ ಗುಂಡಿ ಒಂದು ಕಡೆ "ಸಂಪರ್ಕಿಸಿ", ಇನ್ನೊಂದು ಕಡೆ "ಕನೆಕ್ಟ್ ಮಾಡಿ". ನಮಗೆ ಎರಡೂ ಒಂದೇ. ಕಾಗದ ನೋಡಿ ಅಕ್ಷರಕ್ಕೆ ಅಕ್ಷರ ಹೊಂದಿಸುವವರಿಗೆ ಅವೆರಡು ಬೇರೆ ಬೇರೆ ಗುಂಡಿಗಳು.

ಹಾಗಾಗಿ ಅವರ ಫೋನಿನಲ್ಲೇ ತೆಗೆಯಬೇಕು. ಅದು ಆಗದಿದ್ದರೆ ಅದೇ ಮಾಡೆಲ್, ಅದೇ ಆಂಡ್ರಾಯ್ಡ್ ಆವೃತ್ತಿ ಇರುವ ಇನ್ನೊಂದು ಫೋನು ಹುಡುಕಿ. ಆವೃತ್ತಿ ಸೆಟ್ಟಿಂಗ್ಸ್‌ನ ಕೊನೆಯಲ್ಲಿ, ಫೋನಿನ ಕುರಿತಾದ ಪುಟದಲ್ಲಿ ಸಿಗುತ್ತದೆ. ತೆಗೆಯುವಾಗ ಅವರ ಅಕ್ಷರ ಗಾತ್ರವನ್ನು ಹೇಗಿದೆಯೋ ಹಾಗೇ ಬಿಡಿ, ಚೆನ್ನಾಗಿ ಕಾಣಲಿ ಎಂದು ಚಿಕ್ಕದು ಮಾಡಬೇಡಿ. ಹಿರಿಯರ ಫೋನಿನಲ್ಲಿ ಅಕ್ಷರ ಸಾಮಾನ್ಯವಾಗಿ ದೊಡ್ಡದಾಗಿರುತ್ತದೆ. ಆಗ ಒಂದು ಸಾಲಿನ ಹೆಸರು ಎರಡು ಸಾಲಾಗುತ್ತದೆ, ನಿಮ್ಮ ಚಿತ್ರದಲ್ಲಿ ಮೂರನೆಯದಾಗಿದ್ದದ್ದು ಅವರಲ್ಲಿ ಪರದೆಯ ಕೆಳಗೆ ಇಳಿದುಹೋಗುತ್ತದೆ. "ಕಾಣುತ್ತಿಲ್ಲ" ಎಂದಾಗ ಹೆಚ್ಚಿನ ಸಲ ಅದು ನಿಜವಾಗಿಯೂ ಕಾಣುತ್ತಿರುವುದಿಲ್ಲ. ಮೇಲಕ್ಕೆ ಸರಿಸಬೇಕು ಎನ್ನುವುದೂ ಒಂದು ಹಂತ, ಅದಕ್ಕೂ ಒಂದು ಚಿತ್ರ ಬೇಕು.

ಇನ್ನೊಂದು ಮಾತು: ಫೋನು ಕಪ್ಪು ಹಿನ್ನೆಲೆಯಲ್ಲಿದ್ದರೆ ತೆಗೆಯುವ ಮೊದಲು ಬಿಳಿಗೆ ಬದಲಿಸಿ, ಅವರಿಗೂ ಬಿಳಿಯಲ್ಲೇ ಬಿಟ್ಟುಕೊಡಿ. ಕಪ್ಪು ಪರದೆಯನ್ನು ಪ್ರಿಂಟ್ ಹಾಕಿದರೆ ಶಾಯಿ ಹರಡಿ ಬೂದು ಅಕ್ಷರಗಳೆಲ್ಲ ಮುಳುಗುತ್ತವೆ.

ಮೂಲೆಮನೆ

ಅವರ ಫೋನು ಕೈಗೆ ಸಿಗದಿದ್ದರೆ ವಾಟ್ಸಾಪ್ ವಿಡಿಯೊ ಕರೆಯಲ್ಲಿ ಪರದೆ ಹಂಚಿಕೊಳ್ಳಲು ಹೇಳಿ, ನಿಮ್ಮ ಕಡೆ ಸ್ಕ್ರೀನ್‌ಶಾಟ್ ಹೊಡೆದುಕೊಳ್ಳಿ. ಮುಗಿಯಿತು.

ಕಾಗುಣಿತ

ಅರ್ಧ ಸರಿ. ಯಾವ ಪುಟದಲ್ಲಿ ಯಾವ ಪದ ಇದೆ ಎಂದು ತಿಳಿಯಲು ಅದು ಒಳ್ಳೆಯ ದಾರಿ. ಪ್ರಿಂಟಿಗೆ ಮಾತ್ರ ಬರುವುದಿಲ್ಲ. ಕರೆಯಲ್ಲಿ ಚಿತ್ರ ಕುಗ್ಗಿ, ಮಸುಕಾಗಿ ಬರುತ್ತದೆ, ಒತ್ತಕ್ಷರಗಳು ಕಾಗದದ ಮೇಲೆ ಮಸಿಯಾಗುತ್ತವೆ. ಮನೆಯಲ್ಲಿ ವೈಫೈ ಇಲ್ಲದ ಹೊತ್ತಿನಲ್ಲಿ ಕರೆ ಮಾಡುವುದರಿಂದ ಮೊಬೈಲ್ ಡೇಟಾ ಗಟ್ಟಿಯಾಗಿರಬೇಕು ಎನ್ನುವುದು ಬೇರೆ. ಪಾಸ್‌ವರ್ಡ್ ಹೊಡೆಯುವಾಗಲಂತೂ ಪರದೆ ಹಂಚಿಕೆ ನಿಲ್ಲಿಸಿ.

ಒಂದು ಸಲ ಫೋನು ಕೈಗೆ ಸಿಕ್ಕಿದರೆ ಪವರ್ ಗುಂಡಿ ಮತ್ತು ಧ್ವನಿ ಇಳಿಸುವ ಗುಂಡಿ ಒಟ್ಟಿಗೆ ಒತ್ತಿ ಎಲ್ಲ ಪುಟಗಳನ್ನೂ ಮೂಲ ಗುಣಮಟ್ಟದಲ್ಲೇ ತೆಗೆದಿಡಿ. ಸಾಗಿಸುವಾಗ ಡಾಕ್ಯುಮೆಂಟ್ ಎಂದು ಕಳಿಸಿಕೊಳ್ಳಿ. ಫೋಟೋ ಎಂದು ಕಳಿಸಿದರೆ ಅದನ್ನೂ ಕುಗ್ಗಿಸುತ್ತದೆ.

ಬಲಗಡೆ

ನನ್ನದೂ ಇಂಥದ್ದೇ, ಸ್ವಲ್ಪ ಬೇರೆ. ಹಿರಿಯರೊಬ್ಬರ ಫೋನು ಉರ್ದುವಿನಲ್ಲಿದೆ. ನನಗೆ ಉರ್ದು ಓದಲು ಬರುವುದಿಲ್ಲ. ಇಂಗ್ಲಿಷ್ ಸ್ಕ್ರೀನ್‌ಶಾಟ್ ನೋಡಿಕೊಂಡು ಅದೇ ಜಾಗಗಳಿಗೆ ನಂಬರು ಹಾಕಿದೆ. ಅರ್ಧ ನಂಬರು ತಪ್ಪು ಜಾಗಕ್ಕೆ ಬಿತ್ತು. ಯಾಕೆ?

ಕಾಗುಣಿತ

ಉರ್ದು ಬಲದಿಂದ ಎಡಕ್ಕೆ, ಹಾಗಾಗಿ ಪರದೆಯೂ ಕನ್ನಡಿಯಲ್ಲಿ ನೋಡಿದಂತೆ ತಿರುಗುತ್ತದೆ. ಹಿಂದಕ್ಕೆ ಹೋಗುವ ಬಾಣ ಬಲ ಮೂಲೆಗೆ, ಆನ್-ಆಫ್ ಸ್ವಿಚ್ ಎಡಕ್ಕೆ. ಮೇಲಿಂದ ಕೆಳಗಿನ ಕ್ರಮ ಮಾತ್ರ ಬದಲಾಗುವುದಿಲ್ಲ. ಆದ್ದರಿಂದ "ಮೇಲಿನಿಂದ ಎರಡನೇ ಸಾಲು" ಎನ್ನುವುದು ಎರಡು ಭಾಷೆಯಲ್ಲೂ ನಿಜ, "ಬಲಗಡೆಯ ಸ್ವಿಚ್" ಎನ್ನುವುದು ಅಲ್ಲ.

ನಿಮಗೆ ಓದಲು ಬಾರದ ಭಾಷೆಯಾದರೆ, ಅದೇ ಫೋನಿನಲ್ಲಿ ಪ್ರತಿ ಪುಟವನ್ನೂ ಇಂಗ್ಲಿಷಿನಲ್ಲೊಮ್ಮೆ, ಅವರ ಭಾಷೆಯಲ್ಲೊಮ್ಮೆ ತೆಗೆದು ಅಕ್ಕಪಕ್ಕ ಇಟ್ಟು ನಂಬರು ಹಾಕಿ. ಭಾಷೆ ಬದಲಿಸುವ ಮೊದಲು ವಾಪಸು ಬರುವ ದಾರಿಯ ಪುಟಗಳನ್ನೂ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ನೀವೇ ಒಳಗೆ ಸಿಕ್ಕಿಬೀಳುತ್ತೀರಿ. ಲಭ್ಯವಿರುವ ವೈಫೈಗಳ ಪಟ್ಟಿಗೆ ಮಾತ್ರ ಈ ಸಾಲಿನ ಲೆಕ್ಕ ಹಾಕಬೇಡಿ. ಅದು ಸಿಗ್ನಲ್ ಬಲಕ್ಕೆ ತಕ್ಕಂತೆ ಮೇಲೆ ಕೆಳಗೆ ಆಗುತ್ತಿರುತ್ತದೆ.

ಬಲಗಡೆ

ಸರಿಹೋಯಿತು, ಸ್ವಿಚ್‌ಗಳೇ ತಪ್ಪಿದ್ದು.

ಮಸಿಕುಡಿಕೆ

ಪ್ರಿಂಟಿನ ಕಡೆಯಿಂದ ಹೇಳುತ್ತೇನೆ. ಒಂದು ಹಾಳೆಯಲ್ಲಿ ಆರು ಚಿತ್ರ ಹೆಚ್ಚಾಯಿತು, ಎರಡು ಸಾಕು. 6.5 ಇಂಚಿನ, ಉದ್ದನೆಯ ಪರದೆಯ ಫೋನಾದರೆ ಪರದೆಯ ನಿಜವಾದ ಅಳತೆ ಸುಮಾರು 6.8 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರ. ಚಿತ್ರವನ್ನು ಸರಿಯಾಗಿ ಅದೇ ಅಳತೆಗೆ ಪ್ರಿಂಟ್ ಹಾಕಿ. ಫೋನನ್ನು ಕಾಗದದ ಚಿತ್ರದ ಪಕ್ಕಕ್ಕಿಟ್ಟರೆ ಗುಂಡಿಗೆ ಗುಂಡಿ ನೇರ ಸಾಲಿಗೆ ಬರುತ್ತದೆ, ಓದದೆಯೇ ಹೊಂದಿಸಬಹುದು. 1080 ಪಿಕ್ಸೆಲ್ ಅಗಲದ ಸ್ಕ್ರೀನ್‌ಶಾಟ್ ಈ ಅಳತೆಗೆ ಇಂಚಿಗೆ 400 ಚುಕ್ಕೆಯಷ್ಟು ಬರುವುದರಿಂದ ಅಕ್ಷರ ಚೂಪಾಗಿಯೇ ಇರುತ್ತದೆ. ಪ್ರಿಂಟ್ ಕೊಡುವಾಗ "ಪುಟಕ್ಕೆ ಹೊಂದಿಸು" ಎನ್ನುವ ಆಯ್ಕೆ ತೆಗೆದು 100% ಇಡಿ. ಅದನ್ನು ಮರೆತರೆ ಎಲ್ಲ ಚಿತ್ರವೂ ಸ್ವಲ್ಪ ಕುಗ್ಗುತ್ತದೆ.

ಈಗ ನಿಮ್ಮ ಕೆಂಪು ವೃತ್ತ. ಅದೇ ದೊಡ್ಡ ತೊಂದರೆ. ಕಪ್ಪು-ಬಿಳುಪಿನಲ್ಲಿ ಕೆಂಪು ಬೂದಾಗುತ್ತದೆ, ಅದು ಚಿಕ್ಕ ಮಾತು. ದೊಡ್ಡದೆಂದರೆ, ಪರದೆಯ ಮೇಲೇ ವೃತ್ತ ಬರೆದರೆ ಓದುವವರು ಆ ವೃತ್ತವನ್ನು ಫೋನಿನಲ್ಲಿ ಹುಡುಕುತ್ತಾರೆ. ಚಿತ್ರದ ಯಾವ ಭಾಗ ಫೋನಿನದು, ಯಾವ ಭಾಗ ನೀವು ಬರೆದದ್ದು ಎನ್ನುವುದು ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಆದ್ದರಿಂದ ಪರದೆಯೊಳಗೆ ಏನೂ ಬರೆಯಬೇಡಿ. ಚಿತ್ರದ ಸುತ್ತ ದಪ್ಪ ಗೆರೆಯ ಚೌಕಟ್ಟು ಹಾಕಿ. ಅಂಚಿನ ಖಾಲಿ ಜಾಗದಲ್ಲಿ ಒಂದು ಕೈಯ ಚಿತ್ರ, ಬೆರಳ ತುದಿ ಮಾತ್ರ ಚೌಕಟ್ಟು ದಾಟಿ ಒಳಗೆ ಬಂದು ಆ ಸಾಲಿನ ತುದಿಯನ್ನು ಮುಟ್ಟಬೇಕು. ಪದ ಮುಚ್ಚಬಾರದು. ಚಿತ್ರಕ್ಕೆ ಒಂದೇ ಬೆರಳು, ಅಂದರೆ ಒಂದು ಚಿತ್ರ ಒಂದು ಮುಟ್ಟು.

ಮೇಲಿನ ಗಂಟೆ, ಬ್ಯಾಟರಿ ಇರುವ ಪಟ್ಟಿಯನ್ನು ಅಳಿಸಿ ಬಿಳಿ ಮಾಡಿ, ಕತ್ತರಿಸಬೇಡಿ. ಕತ್ತರಿಸಿದರೆ ಪಕ್ಕಕ್ಕಿಟ್ಟಾಗ ಸಾಲು ತಪ್ಪುತ್ತದೆ. ಬಿಟ್ಟರೆ "ಇಲ್ಲಿ 10:42 ಅಂತಿದೆ, ನನ್ನದರಲ್ಲಿ ಬೇರೆ ಇದೆ" ಎಂದು ಅಲ್ಲೇ ನಿಲ್ಲುತ್ತಾರೆ.

ಮೂಲೆಮನೆ

ನಿಜ ಅಳತೆ ಯಾಕೆ, ದೊಡ್ಡದು ಮಾಡಿದರೆ ಕಣ್ಣಿಗೆ ಹಿತ ಅಲ್ಲವೇ?

ಮಸಿಕುಡಿಕೆ

ಚಿತ್ರ ಹೊಂದಿಸಿ ನೋಡಲಿಕ್ಕೆ, ಪಕ್ಕದ ಬರಹ ಓದಲಿಕ್ಕೆ. ಬರಹವನ್ನು ದೊಡ್ಡದು ಮಾಡಿ: 18 ಪಾಯಿಂಟ್, ಸಾಲಿನ ಅಂತರ ಒಂದೂವರೆ. ಕನ್ನಡಕ್ಕೆ ಒಂದೂವರೆ ಬೇಕೇಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ತೀರಾ ಚಿಕ್ಕ ಗುರುತು ಇದ್ದರೆ ಆ ಒಂದು ತುಂಡನ್ನು ಮಾತ್ರ ಹಿಗ್ಗಿಸಿ ಪಕ್ಕದಲ್ಲಿ ಹಾಕಿ. ಆದರೂ ಕೆಲವರಿಗೆ ಇಡೀ ಪರದೆ ದೊಡ್ಡದಿದ್ದರೇ ಸುಲಭ, ಇದರಲ್ಲಿ ಒಂದೇ ಉತ್ತರ ಇಲ್ಲ.

ಬಾಣದ ಪಕ್ಕದ ಕನ್ನಡವನ್ನು ಚಿತ್ರ ತಿದ್ದುವ ತಂತ್ರಾಂಶದಲ್ಲಿ ಹೊಡೆಯುವುದಾದರೆ "ಸಂಪರ್ಕ" ಎಂದು ಬರೆದು ನೋಡಿ. ಅರ್ಕಾವತ್ತು ಸರಿಯಾದ ಜಾಗಕ್ಕೆ ಬರದೆ "ರ್" ಬಿಡಿಯಾಗಿ ನಿಂತರೆ ಆ ತಂತ್ರಾಂಶ ಬೇಡ. ಬರಹಕ್ಕೆ ವರ್ಡ್ ಅಥವಾ ಲಿಬ್ರೆಆಫೀಸ್ ಬಳಸಿ, ಯೂನಿಕೋಡ್ ಅಕ್ಷರದಲ್ಲೇ ಬರೆದು, ಪಿಡಿಎಫ್ ಮಾಡಿ ಕೊಡಿ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಹೊಡೆದ ಕಡತವನ್ನು ಹಾಗೇ ಕೊಟ್ಟರೆ, ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಪ್ರಿಂಟಾಗಿ ಬರುತ್ತವೆ.

ಪುಟಸಂಖ್ಯೆ

ವೃತ್ತ ಹುಡುಕುವುದು! ಅಮ್ಮ "ಕೆಂಪು ಗುಂಡಿ ಎಲ್ಲಿದೆ" ಎಂದು ಕೇಳಿದ್ದು ಈಗ ಅರ್ಥವಾಯಿತು. ಅದನ್ನೆಲ್ಲ ತೆಗೆಯುತ್ತೇನೆ. ಪಾಸ್‌ವರ್ಡ್ ಪುಟದ ಬಗ್ಗೆ ಯಾರಾದರೂ ಹೇಳಿ. ಪಾಸ್‌ವರ್ಡ್ `Hasiru47Kere` ತರಹದ್ದು (ನಿಜವಾದದ್ದಲ್ಲ, ರಚನೆ ಮಾತ್ರ ಹಾಗೆ).

ಕಾಗುಣಿತ

ಕೈಪಿಡಿಯ ಅರ್ಧ ಕೆಲಸ ಇರುವುದೇ ಈ ಪುಟದಲ್ಲಿ. ಉಳಿದೆಡೆ ಮುಟ್ಟಿದರೆ ಸಾಕು, ಇಲ್ಲಿ ಬರೆಯಬೇಕು. ಅದೂ ಫೋನು ಕನ್ನಡದಲ್ಲಿದ್ದಾಗ ಇಂಗ್ಲಿಷ್ ಬರೆಯಬೇಕು.

"ಗುಂಡಿ ಒತ್ತಿದರೂ ಒತ್ತೋದಿಲ್ಲ" ಎಂದರಲ್ಲ, ಅದು ಸುಳ್ಳಲ್ಲ. ಮನೆಯ ವೈಫೈಗಳಲ್ಲಿ ಸಾಮಾನ್ಯವಾಗಿ ಇರುವ ಡಬ್ಲ್ಯೂಪಿಎ2 ಪಾಸ್‌ವರ್ಡ್ ಕನಿಷ್ಠ 8, ಗರಿಷ್ಠ 63 ಅಕ್ಷರ ಇರಬೇಕು. ಎಂಟು ತುಂಬುವವರೆಗೆ "ಸಂಪರ್ಕಿಸಿ" ಗುಂಡಿ ಮಂಕಾಗಿ ಸತ್ತಂತಿರುತ್ತದೆ. ಏಳು ಅಕ್ಷರ ಹೊಡೆದು ಒತ್ತಿದರೆ ಏನೂ ಆಗುವುದಿಲ್ಲ, ಯಾವ ತಪ್ಪಿನ ಸಂದೇಶವೂ ಬರುವುದಿಲ್ಲ. ಹಾಗಾಗಿ ಈ ಪುಟಕ್ಕೆ ಎರಡು ಚಿತ್ರ ಬೇಕು: ಗುಂಡಿ ಮಂಕಾಗಿರುವುದು, ಗುಂಡಿಗೆ ಬಣ್ಣ ಬಂದಿರುವುದು. ಕೆಳಗೆ ಹೀಗೆ ಬರೆಯಿರಿ: "ಗುಂಡಿ ಇನ್ನೂ ಮಂಕಾಗಿದ್ದರೆ ಅಕ್ಷರ ಕಡಿಮೆ ಬಿದ್ದಿದೆ."

ಗುಂಡಿಗೆ ಬಣ್ಣ ಬಂದ ಮೇಲೂ ತಪ್ಪು ಎನ್ನುತ್ತಿದ್ದರೆ ಕೀಬೋರ್ಡ್ ನೋಡಿ. ಅದು ಕನ್ನಡದಲ್ಲೇ ತೆರೆದುಕೊಂಡಿರಬಹುದು. ಸ್ಪೇಸ್ ಗುಂಡಿಯ ಮೇಲೆ ಭಾಷೆಯ ಹೆಸರಿರುತ್ತದೆ, ಅದರ ಎಡಕ್ಕೆ ಭೂಗೋಳದ ಗುರುತು ಇರುತ್ತದೆ. "ಉದ್ದದ ಗುಂಡಿಯ ಮೇಲೆ `English` ಎಂದು ಬರುವವರೆಗೆ ಭೂಗೋಳ ಮುಟ್ಟಿ" ಎನ್ನುವುದು ಪಾಸ್‌ವರ್ಡಿನ ಮೊದಲ ಹಂತವಾಗಲಿ. ಫೋನಿಗೆ ಕನ್ನಡ ಕೀಬೋರ್ಡ್ ಒಂದನ್ನೇ ಹಾಕಿದ್ದರೆ ಭೂಗೋಳವೇ ಬರುವುದಿಲ್ಲ. ಇಂಗ್ಲಿಷ್ ಕೀಬೋರ್ಡನ್ನು ನೀವೇ ಮೊದಲು ಸೇರಿಸಿಟ್ಟು ಬರಬೇಕು, ಅದನ್ನು ಕಾಗದ ಕಲಿಸಲಾರದು.

ಅಂಕಿಯಲ್ಲೂ ಒಂದು ಗುಟ್ಟಿದೆ. ಕನ್ನಡ ಕೀಬೋರ್ಡಿನಲ್ಲಿ ೪೭ ಹೊಡೆದರೆ ಅದು 47 ಅಲ್ಲ. ಕಣ್ಣಿಗೆ ಅದೇ ಸಂಖ್ಯೆ, ರೂಟರಿಗೆ ಬೇರೆ ಅಕ್ಷರ. ಪರದೆಯಲ್ಲಿ ಬರಿಯ ಚುಕ್ಕಿಗಳು ಕಾಣುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಒಂದಕ್ಷರ ಹೊಡೆಯುವ ಮೊದಲೇ ಕಣ್ಣಿನ ಗುರುತು, ಅಥವಾ "ಪಾಸ್‌ವರ್ಡ್ ತೋರಿಸಿ" ಎನ್ನುವ ಚೌಕ, ಮುಟ್ಟಿಸಿ. ಅಕ್ಷರ ದೊಡ್ಡದಿರುವ ಫೋನಿನಲ್ಲಿ ಕೀಬೋರ್ಡ್ ಮೇಲೆದ್ದಾಗ ಆ ಚೌಕ ಅದರ ಹಿಂದೆ ಮುಚ್ಚಿಹೋಗುತ್ತದೆ. ಇವರ ಫೋನಿನಲ್ಲಿ ಹಾಗಾಗುತ್ತದೆಯೇ ಎಂದು ಮೊದಲೇ ನೋಡಿಕೊಂಡು ಹಂತಗಳ ಕ್ರಮ ಹಾಕಿ.

ನಿಮ್ಮ ಮಾದರಿಯನ್ನೇ ಬಿಡಿಸೋಣ. `Hasiru47Kere` ಹನ್ನೆರಡು ಅಕ್ಷರ. ಮುಟ್ಟಬೇಕಾದದ್ದು ಹದಿನಾರು ಸಲ: ಮೇಲ್ಮುಖ ಬಾಣ, h, a, s, i, r, u, ಆಮೇಲೆ `?123`, 4, 7, `ABC`, ಮತ್ತೆ ಮೇಲ್ಮುಖ ಬಾಣ, k, e, r, e. ಕಾಗದದಲ್ಲಿ "Hasiru47Kere ಎಂದು ಟೈಪ್ ಮಾಡಿ" ಎಂದು ಬರೆದರೆ ನಾಲ್ಕು ಮುಟ್ಟುಗಳನ್ನು ನೀವು ಹೇಳಲೇ ಇಲ್ಲ. ಹದಿನಾರು ಚೌಕದ ಒಂದು ಸಾಲು ಮಾಡಿ, ಒಂದೊಂದರಲ್ಲಿ ಒಂದು ಗುಂಡಿ, ಬಾಣ ಮತ್ತು `?123` ಚೌಕಗಳಿಗೆ ಬೂದು ಹಿನ್ನೆಲೆ ಕೊಡಿ. ಹೊಡೆದಂತೆಲ್ಲ ಪೆನ್ಸಿಲಿನಿಂದ ಗೀಟು ಹಾಕಿಕೊಳ್ಳಲಿ. ಒಂದು ಎಚ್ಚರಿಕೆ: ಚೌಕದಲ್ಲಿ h ಎಂದು ಹಾಕಬೇಕೋ H ಎಂದೋ? ಬಾಣ ಒತ್ತಿದ ಮೇಲೆ ಕೀಬೋರ್ಡಿನಲ್ಲಿ H ಎಂದೇ ಕಾಣುವುದರಿಂದ H ಹಾಕಿ.

ಮೂಲೆಮನೆ

ಇಷ್ಟೆಲ್ಲ ಕಷ್ಟ ಯಾಕೆ, ಪಾಸ್‌ವರ್ಡನ್ನೇ ಅವರ ಮೊಬೈಲ್ ನಂಬರ್ ಮಾಡಿಬಿಡಿ. ಹತ್ತು ಅಂಕಿ, ಬಾಯಿಪಾಠ ಇರುತ್ತದೆ.

ಹಳೇ ರೂಟರ್

ಬೇಡ. ಅವರ ನಂಬರ್ ಗೊತ್ತಿರುವ ಎಲ್ಲರಿಗೂ ಪಾಸ್‌ವರ್ಡ್ ಗೊತ್ತಾದಂತೆ. ಬರೀ ಅಂಕಿ ಹತ್ತಾದರೆ ಕಂಪ್ಯೂಟರಿನಿಂದ ಊಹಿಸುವುದೂ ಕಷ್ಟವಲ್ಲ.

ಬದಲಿಸುವುದಾದರೆ ಪೂರ್ತಿ ಚಿಕ್ಕಕ್ಷರದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿ ಇಪ್ಪತ್ತರ ಹತ್ತಿರ ಉದ್ದ ಮಾಡಿ. ಅಕ್ಷರ ಜಾಸ್ತಿಯಾದರೂ ಬಾಣ, `?123`, `ABC` ಯಾವುದೂ ಬೇಡ. ಕೀಬೋರ್ಡ್ ಒಮ್ಮೆಯೂ ರೂಪ ಬದಲಿಸುವುದಿಲ್ಲ, ಅದೇ ಲಾಭ. ಸೊನ್ನೆ-ಓ, ಒಂದು-ಎಲ್ ಗಲಿಬಿಲಿಯೂ ಹೋಗುತ್ತದೆ. ಒಂದೇ ಕಷ್ಟ: ಪಾಸ್‌ವರ್ಡ್ ಬದಲಿಸಿದ ಕೂಡಲೇ ಮನೆಯ ಟಿವಿ, ಪ್ರಿಂಟರ್, ಇನ್ನೊಂದು ಫೋನು ಎಲ್ಲವೂ ಕಳಚಿಕೊಳ್ಳುತ್ತವೆ, ಎಲ್ಲಕ್ಕೂ ಮತ್ತೆ ಹಾಕಬೇಕು. ನೀವು ಅಲ್ಲಿರುವ ದಿನವೇ ಮಾಡಿ.

ತುದಿಬೆರಳು

ಕ್ಯೂಆರ್ ಹಾಕಿದರೆ ಪಾಸ್‌ವರ್ಡ್ ಪುಟವೇ ಬೇಡವಲ್ಲ? ಆಂಡ್ರಾಯ್ಡ್ 10ರಿಂದ ಈಚೆಗೆ ವೈಫೈ ಪುಟದಲ್ಲೇ ಸ್ಕ್ಯಾನರ್ ಇದೆ. ಕ್ಯೂಆರ್ ಒಳಗೆ ಇರುವುದು ಇಷ್ಟೇ:

```
WIFI:T:WPA;S:NammaMane;P:Hasiru47Kere;;
```

ಹಳೇ ರೂಟರ್

ಕ್ಯೂಆರ್ ಇದ್ದರೆ ಕೈಪಿಡಿ ಒಂದೇ ಪುಟಕ್ಕೆ ಇಳಿಯುತ್ತದೆ, ಒಪ್ಪುತ್ತೇನೆ. ಆದರೆ ಹೆಸರಿನಲ್ಲೋ ಪಾಸ್‌ವರ್ಡಿನಲ್ಲೋ `;` `:` `,` `\` `"` ಇದ್ದರೆ ಅದಕ್ಕಿಂತ ಮೊದಲು ಒಂದು `\` ಹಾಕಬೇಕು. ಇಲ್ಲದಿದ್ದರೆ ಕ್ಯೂಆರ್ ಓದಿಕೊಳ್ಳುತ್ತದೆ, ವೈಫೈ ಮಾತ್ರ ಸೇರುವುದಿಲ್ಲ. ನಾಲ್ಕು ಸೆಂ.ಮೀ. ಚೌಕಕ್ಕೆ ಪ್ರಿಂಟ್ ಹಾಕಿ, ಸುತ್ತ ಬಿಳಿ ಅಂಚು ಬಿಡಿ, ಹೊಳೆಯುವ ಲ್ಯಾಮಿನೇಷನ್ ಬೇಡ. ದೀಪದ ಬೆಳಕು ಪ್ರತಿಫಲಿಸಿದರೆ ಕ್ಯಾಮೆರಾಗೆ ಅರ್ಧ ಕ್ಯೂಆರ್ ಕಾಣುವುದಿಲ್ಲ. ಅದರೊಳಗೆ ಪಾಸ್‌ವರ್ಡ್ ಗುಟ್ಟಾಗಿಸದೆ ಹಾಗೇ ಇರುತ್ತದೆ, ಹಾಗಾಗಿ ಬಾಗಿಲ ಬಳಿ ಅಂಟಿಸಬೇಡಿ.

ಕಾಗುಣಿತ

ಸ್ಕ್ಯಾನರ್ ಗುರುತು ಒಂದೊಂದು ಕಂಪನಿ ಒಂದೊಂದು ಕಡೆ ಇಡುತ್ತದೆ: ಕೆಲವದರಲ್ಲಿ ಪಟ್ಟಿಯ ತೀರ ಕೆಳಗೆ, ಕೆಲವದರಲ್ಲಿ ಮೇಲಿನ ಮೂಲೆ. ಇವರ ಫೋನಿನಲ್ಲಿ ಎಲ್ಲಿದೆ ನೋಡಿ ಆ ಚಿತ್ರ ಹಾಕಿ. ಕೈ ನಡುಗುವವರಿಗೆ ಕ್ಯೂಆರ್ ಕಾಗದವನ್ನು ಮೇಜಿನ ಮೇಲಿಟ್ಟು ಫೋನನ್ನು ಎರಡೂ ಕೈಯಲ್ಲಿ ಹಿಡಿಯಲು ಹೇಳಿ. ಕ್ಯೂಆರ್ ಮೊದಲ ಪುಟಕ್ಕೆ, ಹದಿನಾರು ಚೌಕ ಎರಡನೇ ಪುಟಕ್ಕೆ. ಚೌಕಗಳನ್ನು ತೆಗೆದುಹಾಕಬೇಡಿ, ಕ್ಯಾಮೆರಾ ಕೈಕೊಟ್ಟ ದಿನ ಬೇಕಾಗುತ್ತದೆ.

ತುದಿಬೆರಳು

ಇನ್ನೊಂದು. ಸೆಟ್ಟಿಂಗ್ಸ್‌ನಿಂದ ಹೋಗುವ ಬದಲು ಮೇಲಿಂದ ಕೆಳಕ್ಕೆ ಎಳೆದು ವೈಫೈ ಗುರುತನ್ನೇ ಒತ್ತಿ ಹಿಡಿದರೆ ಮೂರು ಹಂತ ಉಳಿಯುತ್ತದೆ.

ಕಾಗುಣಿತ

ಉಳಿಯುತ್ತದೆ. ಆದರೆ ಒತ್ತಿ ಹಿಡಿಯುವುದನ್ನು ಕಾಗದದಲ್ಲಿ ತೋರಿಸುವುದು ಕಷ್ಟ. ಹಿಡಿಯದೆ ಬರೀ ಮುಟ್ಟಿದರೆ ಕೆಲವು ಫೋನುಗಳಲ್ಲಿ ವೈಫೈ ಆಫ್ ಆಗುತ್ತದೆ, ಕೆಲವದರಲ್ಲಿ ಪಟ್ಟಿ ತೆರೆಯುತ್ತದೆ. ಅಪ್ಪಿತಪ್ಪಿ ಆಫ್ ಆದರೆ ಕೈಪಿಡಿಯ ಯಾವ ಪುಟವೂ ಹೊಂದುವುದಿಲ್ಲ. ನನ್ನ ಮತ ಸೆಟ್ಟಿಂಗ್ಸ್‌ಗೆ.

ತುದಿಬೆರಳು

ಸೆಟ್ಟಿಂಗ್ಸ್‌ನ ಒಳಗೆ ಕಳೆದುಹೋಗುವವರೂ ಇದ್ದಾರೆ. ನನ್ನ ಮತ ಎಳೆಯುವುದಕ್ಕೇ.

ಬಲಗಡೆ

ವೈಫೈ ಹೆಸರನ್ನೇ ಕನ್ನಡದಲ್ಲಿಟ್ಟರೆ ಪಟ್ಟಿಯಲ್ಲಿ ಹುಡುಕಲು ಸುಲಭವಲ್ಲವೇ?

ಹಳೇ ರೂಟರ್

ಆಗುತ್ತದೆ, ಉದ್ದ ನೋಡಿಕೊಳ್ಳಿ. ಹೆಸರಿಗೆ 32 ಬೈಟ್ ಮಿತಿ. ಕನ್ನಡದ ಒಂದೊಂದು ಅಕ್ಷರಕ್ಕೂ ಮೂರು ಬೈಟ್, ಸ್ವರಚಿಹ್ನೆಗೆ ಮೂರು, ಒತ್ತಿಗಾಗಿ ಬರುವ ಹಲಂತಕ್ಕೂ ಮೂರು. "ನಮ್ಮ ಮನೆ" 22 ಬೈಟ್, ಹಿಡಿಯುತ್ತದೆ. "ಅಮ್ಮನ ಮನೆ ವೈಫೈ" 38, ಹಿಡಿಯುವುದಿಲ್ಲ. ಕೆಲವು ರೂಟರುಗಳು ಕನ್ನಡವನ್ನು ತೆಗೆದುಕೊಳ್ಳುವುದೇ ಇಲ್ಲ, ಕೆಲವು ಹಳೆಯ ಟಿವಿಗಳಲ್ಲಿ ಬರೀ ಡಬ್ಬಿಗಳು ಕಾಣುತ್ತವೆ. ಹೆಸರು ಬದಲಿಸಿದರೂ ಎಲ್ಲ ಸಾಧನಗಳೂ ಕಳಚಿಕೊಳ್ಳುತ್ತವೆ ಎನ್ನುವುದು ನೆನಪಿರಲಿ.

ಪುಟಸಂಖ್ಯೆ

ಎರಡನೇ ಕರಡು ಕೊಟ್ಟು ನೋಡಿದೆ. ಅಪ್ಪ ಕ್ಯೂಆರ್‌ನಲ್ಲೇ ಮುಗಿಸಿದರು. ಅಮ್ಮನ ಫೋನು ಕಾಗದ ತೆರೆಯುವ ಮೊದಲೇ ತಾನಾಗಿ ಸೇರಿಕೊಂಡಿತು, ಹಾಗಾಗಿ ಪರೀಕ್ಷೆಯೇ ಆಗಲಿಲ್ಲ.

ಕಾಗುಣಿತ

ಅದು ನೆನಪಿಟ್ಟುಕೊಂಡಿರುತ್ತದೆ. ಪರೀಕ್ಷೆಗೆ ಮೊದಲು ಆ ವೈಫೈ ಹೆಸರನ್ನು ತೆರೆದು "ಮರೆತುಬಿಡಿ" ಒತ್ತಿ. ಪಾಸ್‌ವರ್ಡ್ ನಿಮ್ಮ ಬಳಿ ಬರೆದಿರುವುದು ಖಾತ್ರಿಯಾದ ಮೇಲೆ ಮಾತ್ರ. ಆಮೇಲೆ ಕಾಗದ ಕೊಟ್ಟು ಬಾಯಿ ಮುಚ್ಚಿಕೊಂಡು ಕುಳಿತುಕೊಳ್ಳಿ. ಬೆರಳು ಎಲ್ಲಿ ಗಾಳಿಯಲ್ಲಿ ನಿಲ್ಲುತ್ತದೆ ಎಂದು ಗುರುತು ಮಾಡಿ. ನೀವು "ಅದೇ, ಅದರ ಕೆಳಗೆ" ಎಂದ ಕ್ಷಣ ಆ ಪುಟದ ಪರೀಕ್ಷೆ ಕೆಟ್ಟಿತು.

ಈ "ಮರೆತುಬಿಡಿ" ಪುಟವನ್ನು ಕೈಪಿಡಿಯ ಹಿಂಬದಿಗೂ ಹಾಕಿ. ಮುಂದೆ ಯಾವತ್ತಾದರೂ ರೂಟರಿನ ಪಾಸ್‌ವರ್ಡ್ ಬದಲಾದರೆ ಫೋನು ಹಳೆಯದನ್ನೇ ಹಿಡಿದುಕೊಂಡು, ಹೆಸರಿನ ಕೆಳಗೆ "ಉಳಿಸಲಾಗಿದೆ" ಎಂದು ತೋರಿಸುತ್ತಲೋ ಪಾಸ್‌ವರ್ಡ್ ಪರಿಶೀಲಿಸಿ ಎನ್ನುತ್ತಲೋ ಕುಳಿತುಬಿಡುತ್ತದೆ. ಮರೆಸಿ ಹೊಸದಾಗಿ ಹಾಕಿದರೆ ಸರಿ.

ಅದರ ಪಕ್ಕಕ್ಕೆ ಇನ್ನೊಂದು ಚಿತ್ರ: ಬೀಸಣಿಗೆಯಂಥ ವೈಫೈ ಗುರುತಿನ ಮೇಲೆ ಆಶ್ಚರ್ಯಸೂಚಕ ಚಿಹ್ನೆ, ಸಂಪರ್ಕ ಇದೆ ಆದರೆ ಇಂಟರ್ನೆಟ್ ಇಲ್ಲ ಎನ್ನುವ ಸಾಲು. ಇದು ಬಂದರೆ ಫೋನಿನಲ್ಲಿ ಏನೂ ಮಾಡುವುದು ಬೇಡ ಎಂದು ದೊಡ್ಡದಾಗಿ ಬರೆಯಿರಿ. ಫೋನು ರೂಟರನ್ನು ತಲುಪಿದೆ, ಆಚೆಗಿನ ಲೈನು ಬಿದ್ದಿದೆ. ಇದನ್ನು ಬರೆಯದಿದ್ದರೆ ಪಾಸ್‌ವರ್ಡನ್ನು ಹತ್ತು ಸಲ ಹೊಡೆಯುತ್ತಾರೆ.

ಪುಟಸಂಖ್ಯೆ

ಮರೆಸಿ ಮತ್ತೆ ಮಾಡಿಸಿದೆ. ಅಮ್ಮ ಹದಿನಾರೂ ಚೌಕ ಗೀಟು ಹಾಕಿ ಸರಿಯಾಗಿ ಹೊಡೆದರು. ನಿಂತದ್ದು ಅದಕ್ಕಿಂತ ಹಿಂದೆ: ಪಟ್ಟಿಯಲ್ಲಿ ನಮ್ಮದೇ ಎರಡು ಹೆಸರಿವೆ, ಒಂದರ ಕೊನೆಗೆ `_5G` ಇದೆ. "ನನ್ನ ಸಿಮ್ಮು 5ಜಿ ಅಲ್ಲ, ಇದು ನನಗಲ್ಲ" ಎಂದು ಬಿಟ್ಟುಬಿಟ್ಟರು. ಇನ್ನೊಂದನ್ನು ಮುಟ್ಟಿ ಸೇರಿಕೊಂಡರು.

ಹಳೇ ರೂಟರ್

ಆ 5ಜಿಗೂ ಸಿಮ್ಮಿಗೂ ಸಂಬಂಧವಿಲ್ಲ, ಅದು ರೂಟರಿನ 5 ಗಿಗಾಹರ್ಟ್ಸ್ ಅಲೆ. ರೂಟರಿನ ಹತ್ತಿರ ವೇಗ ಹೆಚ್ಚು, ಗೋಡೆ ದಾಟಿದರೆ ಸೊರಗುತ್ತದೆ. ಅವರು ಮುಟ್ಟಿದ ಇನ್ನೊಂದು ಹೆಸರಿನ ಅಲೆ ಮನೆಯೊಳಗೆ ಹೆಚ್ಚು ದೂರ ಹೋಗುತ್ತದೆ, ಅವರ ಬಳಕೆಗೆ ಅದೇ ಒಳ್ಳೆಯದು. ರೂಟರಿನಲ್ಲಿ ಎರಡಕ್ಕೂ ಒಂದೇ ಹೆಸರು ಕೊಟ್ಟರೆ ಪಟ್ಟಿಯಲ್ಲಿ ಒಂದೇ ಸಾಲು ಕಾಣುತ್ತದೆ.

ತುದಿಬೆರಳು

ಒಂದೇ ಹೆಸರು ಕೊಟ್ಟರೆ ಕೆಲವು ಹಳೆಯ ಸಾಧನಗಳನ್ನು ಹೊಸದಾಗಿ ಸೇರಿಸುವಾಗ ತಕರಾರು ಮಾಡುತ್ತವೆ. ನಾನಾದರೆ ಎರಡನ್ನೂ ಹಾಗೇ ಬಿಟ್ಟು, ಕೈಪಿಡಿಯಲ್ಲಿ ಬೇಕಾದ ಹೆಸರೊಂದನ್ನು ಮಾತ್ರ ತೋರಿಸಿ, "ಕೊನೆಗೆ `5G` ಇರುವುದನ್ನು ಮುಟ್ಟಬೇಡಿ" ಎಂದು ಬರೆಯುತ್ತೇನೆ.

ಮಸಿಕುಡಿಕೆ

"ಮುಟ್ಟಬೇಡಿ" ಎಂದು ಬರೆದರೆ ಅದನ್ನು ಮುಟ್ಟಿದರೆ ಏನೋ ಕೆಡುತ್ತದೆ ಎಂದು ಹೆದರುತ್ತಾರೆ. "ಎರಡರಲ್ಲಿ ಯಾವುದಾದರೂ ಸರಿ" ಎಂದೇ ಬರೆಯಿರಿ, ಪಾಸ್‌ವರ್ಡ್ ಎರಡಕ್ಕೂ ಒಂದೇ ಆಗಿದ್ದರೆ. ಹಾಂ, ಕೊನೆಯ ಹಾಳೆಯ ಕೆಳಮೂಲೆಯಲ್ಲಿ ಫೋನಿನ ಮಾಡೆಲ್, ಆಂಡ್ರಾಯ್ಡ್ ಆವೃತ್ತಿ, ತಿಂಗಳು ಮತ್ತು ವರ್ಷ ಚಿಕ್ಕದಾಗಿ ಹಾಕಿ. ಅಪ್‌ಡೇಟ್ ಬಂದು ಪರದೆ ಬದಲಾದಾಗ ಯಾವ ಹಾಳೆ ಹಳೆಯದು ಎಂದು ನಿಮಗೇ ಗೊತ್ತಾಗಬೇಕಲ್ಲ.

ಪುಟಸಂಖ್ಯೆ

ಎರಡಕ್ಕೂ ಪಾಸ್‌ವರ್ಡ್ ಒಂದೇನಾ ಅಂತ ನೋಡಿಲ್ಲ. ನಾಳೆ ನೋಡಿ ಹೇಳುತ್ತೇನೆ.